ಗಾಡಿ ಜಗ್ಗವಲ್ದು, ಹೊಗೆ ಕಪ್ಪು: ತಪ್ಪು ಇಜಿಆರ್ ವಾಲ್ವಿನದೇ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ?

ಏಪ್ರಿಲ್ ಕೊನೆ. ಗಂಗಾವತಿಯಲ್ಲಿ ಮಧ್ಯಾಹ್ನ ಮೂರರ ಬಿಸಿಲು ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ನಮ್ಮ ಗ್ಯಾರೇಜಿನ ಮುಂದೆ ಒಂದು ಪಿಕಪ್ ಬಂದು ನಿಂತಿತು. 2.5 ಲೀಟರ್ ಡೀಸೆಲ್ ಎಂಜಿನ್, ಬಿಎಸ್4, ಓಡಿದ್ದು ಒಂದೂ ಮುಕ್ಕಾಲು ಲಕ್ಷ ಕಿಲೋಮೀಟರ್. ರೈಸ್ ಮಿಲ್ಲಿನಿಂದ ಅಕ್ಕಿ ಚೀಲ ಹೇರಿಕೊಂಡು ಕಂಪ್ಲಿ, ತೋರಣಗಲ್ಲು ದಾಟಿ ಸಂಡೂರಿಗೆ ಹೋಗಿ ಬರುವ ಗಾಡಿ.

"ಅಣ್ಣ, ಗಾಡಿ ಜಗ್ಗವಲ್ದು" ಅಂದ ಡ್ರೈವರ್. "ಮೊದಲ ಮೂರನೇ ಗೇರಿನಾಗ ಹತ್ತತಿದ್ದ ಏರು ಈಗ ಎರಡಕ್ಕ ಬಂದ್ರೂ ಹತ್ತವಲ್ದು. ಕನ್ನಡ್ಯಾಗ ಹಿಂದ ನೋಡಿದ್ರ ಬರೇ ಕರೀ ಹೊಗಿ."

ಅವನು ಆಗಲೇ ಬೇರೊಂದು ಕಡೆ ತೋರಿಸಿಕೊಂಡು ಬಂದಿದ್ದ. ಅಲ್ಲಿ ಏರ್ ಫಿಲ್ಟರ್ ಬದಲಾಯಿಸಿದ್ದರು, ಡೀಸೆಲ್ ಫಿಲ್ಟರ್ ಬದಲಾಯಿಸಿದ್ದರು, ನಾಲ್ಕೂ ಇಂಜೆಕ್ಟರ್ ಬಿಚ್ಚಿ ಬಳ್ಳಾರಿಗೆ ಕಳಿಸಿ ಟೆಸ್ಟ್ ಮಾಡಿಸಿದ್ದರು. ಇಂಜೆಕ್ಟರ್ ಸರಿಯಾಗೇ ಇದ್ದವು. ಬಿಲ್ ಕೊಟ್ಟಿದ್ದಾಯಿತು, ಹೊಗೆ ಹಾಗೇ ಉಳಿಯಿತು. ಕೊನೆಗೆ ಯಾರೋ "ಇಜಿಆರ್ ಇರಬೇಕು" ಅಂದರಂತೆ. ಆ "ಇರಬೇಕು" ಅನ್ನುವ ಮಾತೇ ನನಗೆ ಕಿರಿಕಿರಿ. ಇಜಿಆರ್ ಹೌದೋ ಅಲ್ಲವೋ ಅಂತ ಅರ್ಧ ದಿನದಲ್ಲಿ, ದೊಡ್ಡ ಖರ್ಚಿಲ್ಲದೆ ಗೊತ್ತು ಮಾಡಿಕೊಳ್ಳಬಹುದು. ಆ ಗಾಡಿಯಲ್ಲಿ ಹೇಗೆ ಮಾಡಿದೆವು ಅಂತ ಇಲ್ಲಿ ಬಿಡಿಸಿ ಹೇಳುತ್ತೇನೆ.

ಬಿಟ್ಟ ಹೊಗೆಯನ್ನೇ ಎಂಜಿನ್ ಮತ್ತೆ ಯಾಕೆ ಕುಡಿಯುತ್ತದೆ

ಇಜಿಆರ್ ಅಂದರೆ ಸುಟ್ಟು ಹೊರಗೆ ಹೋಗುವ ಗ್ಯಾಸಿನಲ್ಲಿ ಒಂದು ಪಾಲನ್ನು ತಿರುಗಿಸಿ ಮತ್ತೆ ಎಂಜಿನ್ನಿನ ಗಾಳಿ ದಾರಿಗೆ ಬಿಡುವ ವ್ಯವಸ್ಥೆ. ಕೇಳಿದರೆ ಹುಚ್ಚು ಅನ್ನಿಸುತ್ತದೆ, ಅಲ್ವಾ? ಅದಕ್ಕೊಂದು ಕಾರಣ ಇದೆ. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡಾ 78ರಷ್ಟು ನೈಟ್ರೋಜನ್, 21ರಷ್ಟು ಆಮ್ಲಜನಕ. ಸಾಮಾನ್ಯವಾಗಿ ಇವೆರಡೂ ತಮ್ಮ ಪಾಡಿಗೆ ಇರುತ್ತವೆ. ಡೀಸೆಲ್ ಎಂಜಿನ್ನಿನ ಒಳಗೆ ಬೆಂಕಿಯ ಕಾವು ತುಂಬಾ ಏರಿದಾಗ ಮಾತ್ರ ಒಂದಕ್ಕೊಂದು ಕೂಡಿ ನೈಟ್ರೋಜನ್ ಆಕ್ಸೈಡ್ ಆಗುತ್ತವೆ. ಎದೆಗೂ ಕಣ್ಣಿಗೂ ಕೆಟ್ಟ ಅನಿಲ ಅದು. ಕಾವು ಸ್ವಲ್ಪ ತಗ್ಗಿಸಿದರೆ ಅದರ ಪ್ರಮಾಣ ಬಹಳ ಇಳಿಯುತ್ತದೆ. ಸುಟ್ಟ ಗ್ಯಾಸಿನಲ್ಲಿ ಆಮ್ಲಜನಕ ಕಡಿಮೆ. ಅದರಲ್ಲಿರುವ ಇಂಗಾಲದ ಡೈಆಕ್ಸೈಡ್, ನೀರಿನ ಆವಿ ಒಂದಿಷ್ಟು ಶಾಖ ಹೀರಿಕೊಳ್ಳುತ್ತವೆ. ಹೊಸ ಗಾಳಿಗೆ ಈ ಗ್ಯಾಸ್ ಬೆರೆಸಿದರೆ ಬೆಂಕಿ ಸ್ವಲ್ಪ ಮೆತ್ತಗಾಗುತ್ತದೆ.

ಡೀಸೆಲ್ ಎಂಜಿನ್ ಇದನ್ನು ತಡೆದುಕೊಳ್ಳುತ್ತದೆ. ಐಡ್ಲಿಂಗಿನಲ್ಲಿ, ನಿಧಾನಕ್ಕೆ ಓಡಿಸುವಾಗ ಅದು ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಗಾಳಿ ಎಳೆದುಕೊಳ್ಳುತ್ತಿರುತ್ತದೆ. ಅದರಲ್ಲಿ ಒಂದು ಪಾಲು ಸುಟ್ಟ ಗ್ಯಾಸ್ ಆದರೂ ಏನೂ ತೊಂದರೆ ಇಲ್ಲ. ಆದರೆ ಲೋಡ್ ಹಾಕಿಕೊಂಡು ಏರು ಹತ್ತುವಾಗ ಪ್ರತಿ ಉಸಿರೂ ಲೆಕ್ಕಕ್ಕೆ ಬರುತ್ತದೆ. ಆಗ ಆಕ್ಸಿಲರೇಟರ್ ಪೂರ್ತಿ ಒತ್ತಿದ ತಕ್ಷಣ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಎಂ ಇಜಿಆರ್ ದಾರಿಯಲ್ಲಿರುವ ವಾಲ್ವನ್ನು ಮುಚ್ಚಿಸಬೇಕು, ವಾಲ್ವ್ ಮುಚ್ಚಿಕೊಳ್ಳಬೇಕು. ಎಂಜಿನ್ ತಣ್ಣಗಿದ್ದಾಗಲೂ ಬಹಳಷ್ಟು ಗಾಡಿಗಳಲ್ಲಿ ಇದು ಮುಚ್ಚಿಯೇ ಇರುತ್ತದೆ.

ಮುಚ್ಚದಿದ್ದರೆ? ಒಲೆಯ ಹೊಗೆ ಹೊರಗೆ ಹೋಗದೆ ಮತ್ತೆ ಒಲೆಬಾಯಿಗೇ ನುಗ್ಗಿದರೆ ಕಟ್ಟಿಗೆ ಉರಿಯುವುದನ್ನು ಬಿಟ್ಟು ಹೊಗೆಯಾಡುತ್ತದಲ್ಲ, ಹಾಗೇ ಆಗುತ್ತದೆ. ಸಿಲಿಂಡರಿನಲ್ಲಿ ಡೀಸೆಲ್ ಇದೆ, ಸುಡಲು ಆಮ್ಲಜನಕ ಸಾಲದು. ಅರೆಬರೆ ಸುಟ್ಟ ಡೀಸೆಲ್ ಮಸಿಯಾಗಿ ಸೈಲೆನ್ಸರಿನಿಂದ ಹೊರಗೆ ಬರುತ್ತದೆ. ಇನ್ನೊಂದು ಏಟು ಟರ್ಬೊಗೆ ಬೀಳುತ್ತದೆ. ಟರ್ಬೊ ತಿರುಗುವುದೇ ಹೊರಹೋಗುವ ಗ್ಯಾಸಿನ ರಭಸಕ್ಕೆ. ಆ ಗ್ಯಾಸಿನಲ್ಲಿ ಒಂದು ಪಾಲು ಟರ್ಬೊ ತಲುಪುವ ಮೊದಲೇ ಇಜಿಆರ್ ದಾರಿ ಹಿಡಿದರೆ ಟರ್ಬೊ ಸೊರಗುತ್ತದೆ, ಗಾಳಿ ಇನ್ನೂ ಕಮ್ಮಿ ತಳ್ಳುತ್ತದೆ. ಅದಕ್ಕೇ ಏರಿನಲ್ಲಿ ಗಾಡಿ ಅಷ್ಟೊಂದು ಬಡವಾಗುವುದು.

ಇಲ್ಲಿ ಜನ ತಪ್ಪು ತಿಳಿಯುವ ಒಂದು ವಿಷಯ ಇದೆ. "ಇಜಿಆರ್ ಬ್ಲಾಕ್ ಆಗಿದೆ" ಅಂದರೆ ಎರಡು ಬೇರೆ ಬೇರೆ ರೋಗ. ಮಸಿ ಹಿಡಿದು ದಾರಿ ಪೂರ್ತಿ ಮುಚ್ಚಿಹೋಗಬಹುದು, ಅಥವಾ ಮಸಿಯ ಹೆಂಟೆ ಸಿಕ್ಕಿಕೊಂಡು ವಾಲ್ವ್ ತೆರೆದೇ ನಿಲ್ಲಬಹುದು. ದಾರಿ ಮುಚ್ಚಿಹೋದರೆ ಡ್ರೈವರಿಗೆ ಹೆಚ್ಚೇನೂ ಗೊತ್ತಾಗುವುದಿಲ್ಲ. ಎಂಜಿನ್ ಲೈಟ್ ಹತ್ತಬಹುದು, ಸ್ಕ್ಯಾನರಿನಲ್ಲಿ `P0401` ಬರಬಹುದು, ನೈಟ್ರೋಜನ್ ಆಕ್ಸೈಡ್ ಜಾಸ್ತಿ ಆಗುತ್ತದೆ, ಆದರೆ ಎಳೆತ ಚೆನ್ನಾಗೇ ಇರುತ್ತದೆ. ಎಳೆತ ಹೋಗಿ ಕಪ್ಪು ಹೊಗೆ ಬಂದರೆ ಹುಡುಕಬೇಕಾದ್ದು ತೆರೆದು ನಿಂತ ವಾಲ್ವನ್ನು. ಅದಕ್ಕೆ `P0402` ಬರಬೇಕು. ಹಳೇ ಗಾಡಿಗಳಲ್ಲಿ ಎಷ್ಟೋ ಸಲ ಯಾವ ಕೋಡೂ ಬರುವುದಿಲ್ಲ. ಈ ಪಿಕಪ್ಪಿನಲ್ಲೂ ಬಂದಿರಲಿಲ್ಲ. ಕೋಡ್ ಇಲ್ಲ ಅಂತ ಇಜಿಆರನ್ನು ಬಿಟ್ಟುಬಿಟ್ಟದ್ದೂ ಹಿಂದಿನವರು ದಾರಿ ತಪ್ಪಿದ ಒಂದು ಜಾಗ.

ಮೊದಲು ಹೊಗೆಯನ್ನೇ ನೋಡಿ

ಕಪ್ಪು ಹೊಗೆ ಅಂದರೆ ಡೀಸೆಲ್ಲಿಗೆ ತಕ್ಕ ಗಾಳಿ ಇಲ್ಲ ಅಂತ. ನೀಲಿಯಾಗಿದ್ದರೆ ಆಯಿಲ್ ಸುಡುತ್ತಿದೆ, ಅದು ಬೇರೆ ಕಥೆ. ಬಿಳಿ ಹೊಗೆ ಬಂದು ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ, ಸುಟ್ಟ ಗ್ಯಾಸನ್ನು ತಣಿಸುವ ಇಜಿಆರ್ ಕೂಲರ್ ಒಳಗೇ ಸೋರುತ್ತಿರಬಹುದು. ಅಂಥ ಗಾಡಿಯನ್ನು ಮುಂದೆ ಓಡಿಸಬೇಡಿ.

ಕಪ್ಪು ಹೊಗೆಗೆ ಇಜಿಆರ್ ಒಂದೇ ಕಾರಣ ಅಲ್ಲ. ನಮ್ಮ ಕಡೆ ಅದಿರು ಲಾರಿಗಳ ದೂಳಿನಲ್ಲಿ ಓಡುವ ಗಾಡಿಯ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸ್ ಬಿಸಿಲಿಗೆ ಸೀಳುತ್ತದೆ. ಇಂಜೆಕ್ಟರ್ ತೊಟ್ಟಿಕ್ಕುತ್ತದೆ. ಬಿಚ್ಚುವ ಮೊದಲು ಡ್ರೈವರಿಗೆ ಒಂದೇ ಪ್ರಶ್ನೆ ಕೇಳಿದೆ: "ನಿಂತಾಗ ಐಡ್ಲಿಂಗ್ ಹೆಂಗೈತಿ?"

"ಗಾಡಿ ಪೂರಾ ನಡಗ್ತೈತಿ ಅಣ್ಣ. ಸ್ವಲ್ಪ ರೇಸ್ ಕೊಟ್ರ ಭುಸ್ ಅಂತ ಕರೀ ಹೊಗಿ ಬಿಟ್ಟು ಆಮ್ಯಾಲ ಎದ್ದೇಳ್ತೈತಿ."

ಇದು ಕೆಲಸಕ್ಕೆ ಬರುವ ಉತ್ತರ. ಹೋಸ್ ಸೀಳಿದ್ದರೆ ಐಡ್ಲಿಂಗ್ ಸಾಮಾನ್ಯವಾಗಿ ಚೆನ್ನಾಗೇ ಇರುತ್ತದೆ. ನಿಂತಾಗ ಟರ್ಬೊ ಒತ್ತಡವೇ ಇರುವುದಿಲ್ಲವಲ್ಲ, ಸೋರಲು ಏನಿದೆ? ಲೋಡ್ ಬಿದ್ದಾಗ ಮಾತ್ರ ಹೊಗೆ ಬರುತ್ತದೆ, ಜೊತೆಗೆ ಸುಯ್ ಅನ್ನುವ ಶಬ್ದ ಕೇಳುತ್ತದೆ. ಐಡ್ಲಿಂಗ್ ಕೆಟ್ಟು, ಆಕ್ಸಿಲರೇಟರ್ ಮೆಲ್ಲಗೆ ಒತ್ತಿದಾಗಲೂ ಹೊಗೆ ಬಂದರೆ ಅನುಮಾನ ಇಜಿಆರ್ ಕಡೆ ವಾಲುತ್ತದೆ. ಇಂಜೆಕ್ಟರ್ ಕೆಟ್ಟಾಗಲೂ ಹೀಗೇ ಆಗಬಹುದು, ಆದರೆ ಇಲ್ಲಿ ಅದನ್ನು ಆಗಲೇ ನೋಡಿ ಆಗಿತ್ತು. ಹೋಸುಗಳ ಮೇಲೆ ಕೈಯಾಡಿಸಿದೆ. ಎಲ್ಲೂ ಸೀಳಿರಲಿಲ್ಲ, ಎಣ್ಣೆ ಜಿನುಗಿದ ಗುರುತೂ ಇರಲಿಲ್ಲ.

ವ್ಯಾಕ್ಯೂಮ್ ಪೈಪ್ ಕಿತ್ತು ನೋಡುವುದು, ಮತ್ತು ಅದರ ಮೋಸ

ಈ ಗಾಡಿಯ ಇಜಿಆರ್ ವಾಲ್ವ್ ವ್ಯಾಕ್ಯೂಮಿನಲ್ಲಿ ನಡೆಯುವಂಥದ್ದು. ತಲೆಯ ಮೇಲೆ ಬಟ್ಟಲಿನಂಥ ಒಂದು ಡಬ್ಬಿ, ಅದರೊಳಗೆ ರಬ್ಬರ್ ಡಯಾಫ್ರಾಮ್. ವ್ಯಾಕ್ಯೂಮ್ ಎಳೆದರೆ ವಾಲ್ವ್ ತೆರೆಯುತ್ತದೆ, ಬಿಟ್ಟರೆ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಹೊಸ ಕಾರುಗಳಲ್ಲಿ ಡಯಾಫ್ರಾಮಿನ ಬದಲು ಮೋಟಾರ್ ಇರುತ್ತದೆ.

ಎಲ್ಲರೂ ಮೊದಲು ಮಾಡುವ ಪರೀಕ್ಷೆ: ಆ ವ್ಯಾಕ್ಯೂಮ್ ಪೈಪ್ ಕಿತ್ತು, ಪೈಪಿನ ಬಾಯಿಗೆ ಒಂದು ಬೋಲ್ಟ್ ತುರುಕಿ, ಗಾಡಿ ಓಡಿಸಿ ನೋಡುವುದು. ವ್ಯಾಕ್ಯೂಮ್ ಇಲ್ಲದ ಮೇಲೆ ವಾಲ್ವ್ ಮುಚ್ಚಿರಲೇಬೇಕು, ಹಾಗಾಗಿ ಎಳೆತ ವಾಪಸ್ ಬಂದರೆ ಇಜಿಆರ್ ತಪ್ಪು, ಬರದಿದ್ದರೆ ಇಜಿಆರ್ ಸರಿ. ಹೀಗೇ ಲೆಕ್ಕ ಹಾಕುತ್ತಾರೆ. ಹಿಂದಿನ ಗ್ಯಾರೇಜಿನಲ್ಲೂ ಹೀಗೇ ಮಾಡಿದ್ದರಂತೆ. ಎಳೆತ ಬರಲಿಲ್ಲ, ಇಜಿಆರ್ ಸರಿ ಇದೆ ಅಂತ ಬಿಟ್ಟರು.

ಈ ಲೆಕ್ಕದ ಅರ್ಧ ಮಾತ್ರ ಸರಿ. ಪೈಪ್ ಕಿತ್ತ ಮೇಲೆ ಗಾಡಿ ಸುಧಾರಿಸಿದರೆ ವಾಲ್ವ್ ಚೆನ್ನಾಗಿದೆ, ಅದಕ್ಕೆ ತಪ್ಪು ಹೊತ್ತಿನಲ್ಲಿ ವ್ಯಾಕ್ಯೂಮ್ ಕೊಡುತ್ತಿರುವ ಸೊಲೆನಾಯ್ಡ್ ಅಥವಾ ಇಸಿಎಂ ಕಡೆಯ ತೊಂದರೆ ಅಂತ. ಆದರೆ ಮಸಿಯ ಹೆಂಟೆಯೊಂದು ವಾಲ್ವಿನ ಬಾಯಲ್ಲಿ ಸಿಕ್ಕಿದ್ದರೆ ಸ್ಪ್ರಿಂಗ್ ಎಷ್ಟು ಒತ್ತಿದರೂ ಅದು ಮುಚ್ಚುವುದಿಲ್ಲ. ಬಾಗಿಲ ಸಂದಿಗೆ ಕಲ್ಲಿಟ್ಟು ಚಿಲಕ ಹಾಕಲು ನೋಡಿದ ಹಾಗೆ. ಆಗ ಪೈಪ್ ಇದ್ದರೂ ಒಂದೇ, ಕಿತ್ತರೂ ಒಂದೇ. ಬದಲಾವಣೆ ಕಾಣದಿದ್ದಾಗ ಇಜಿಆರ್ ಖುಲಾಸೆ ಆಗುವುದಿಲ್ಲ. ಪರೀಕ್ಷೆ ಇನ್ನೂ ಮುಗಿದಿಲ್ಲ ಅಂತ ಅಷ್ಟೇ ಅದರ ಅರ್ಥ.

ಹಾಗಾಗಿ ನಾವು ಪೈಪ್ ಕಿತ್ತೇ ಮುಂದಿನ ಕೆಲಸಕ್ಕೆ ಹೋದೆವು. ಗಾಡಿ ರಾತ್ರಿ ಅಲ್ಲೇ ಇತ್ತು. ಬೆಳಿಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದೆವು. ಈ ಗಾಡಿಯಲ್ಲಿ ವಾಲ್ವ್ ಕೂತಿರುವುದು ಇನ್‌ಟೇಕ್ ಮ್ಯಾನಿಫೋಲ್ಡಿನ ಕುತ್ತಿಗೆಯ ಹತ್ತಿರ. ಎಕ್ಸಾಸ್ಟಿನಿಂದ ವಾಲ್ವಿನವರೆಗೆ ಬರುವ ಪೈಪ್ ಹೇಗೂ ಬಿಸಿಯಾಗುತ್ತದೆ, ಅದನ್ನು ಮುಟ್ಟಿ ಪ್ರಯೋಜನ ಇಲ್ಲ. ವಾಲ್ವ್ ದಾಟಿದ ಮೇಲಿನ ನಾಲ್ಕು ಬೆರಳಗಲದ ಜಾಗ ನೋಡಬೇಕು. ವ್ಯಾಕ್ಯೂಮ್ ಇಲ್ಲ, ವಾಲ್ವ್ ಮುಚ್ಚಿರಬೇಕು, ಒಳಗೆ ಹೋಗುತ್ತಿರುವುದು ಬೆಳಗಿನ ತಣ್ಣನೆ ಗಾಳಿ ಮಾತ್ರ. ಆ ಜಾಗ ನಿಧಾನವಾಗಿ ಬೆಚ್ಚಗಾಗಬೇಕು ಅಷ್ಟೇ. ಇಲ್ಲಿ ಮೂರು ನಿಮಿಷದೊಳಗೆ ಕೈ ಇಡಲಾಗದಷ್ಟು ಸುಡುತ್ತಿತ್ತು. ರೇಡಿಯೇಟರಿನ ಮೇಲಿನ ಹೋಸ್ ಇನ್ನೂ ತಣ್ಣಗಿತ್ತು. ಅಂದರೆ ಎಂಜಿನ್ನೇ ಕಾಯುವ ಮೊದಲು ಇನ್‌ಟೇಕ್ ಕಾದಿದೆ. ಬಿಸಿ ಗ್ಯಾಸ್ ಅಲ್ಲಿಗೆ ಬರುತ್ತಿದೆ. ಈ ಪರೀಕ್ಷೆಯಲ್ಲಿ ಕೈಯನ್ನು ಹತ್ತಿರ ಹಿಡಿದು ಮೆಲ್ಲಗೆ ತಾಕಿಸಿ, ಗಬಕ್ಕನೆ ಹಿಡಿಯಬೇಡಿ. ಫ್ಯಾನ್ ಬೆಲ್ಟ್ ಪಕ್ಕದಲ್ಲೇ ತಿರುಗುತ್ತಿರುತ್ತದೆ, ಉದ್ದ ತೋಳಿನ ಅಂಗಿ ಬೇಡ.

ಗಾಳಿಯ ತೂಕದ ಲೆಕ್ಕ

ಇನ್ನು ಸ್ಕ್ಯಾನರ್. ದೊಡ್ಡದೇ ಬೇಕು ಅಂತ ಇಲ್ಲ. ಫೋನಿಗೆ ಜೋಡಿಸುವ ಸಣ್ಣ ಬ್ಲೂಟೂತ್ ಸಾಧನವೂ ಎಷ್ಟೋ ಗಾಡಿಗಳಲ್ಲಿ `MAF` ಅನ್ನುವ ಅಂಕಿ ತೋರಿಸುತ್ತದೆ. ಏರ್ ಫಿಲ್ಟರ್ ದಾಟಿ ಒಳಗೆ ಹೋಗುವ ಹೊಸ ಗಾಳಿಯ ತೂಕ ಅದು, ಸೆಕೆಂಡಿಗೆ ಇಷ್ಟು ಗ್ರಾಂ ಅಂತ. ಸುಟ್ಟ ಗ್ಯಾಸ್ ಈ ಸೆನ್ಸರಿನ ಮುಂದೆ ಹಾದು ಹೋಗುವುದಿಲ್ಲ, ಅದರ ಆಚೆ ಬಂದು ಸೇರುತ್ತದೆ. ಎಂಜಿನ್ ಒಂದು ಸುತ್ತಿಗೆ ಎಳೆದುಕೊಳ್ಳುವ ಒಟ್ಟು ಗಾತ್ರ ಬದಲಾಗುವುದಿಲ್ಲ. ಹಾಗಾಗಿ ಇಜಿಆರಿನಿಂದ ಬಂದಷ್ಟೂ ಹೊಸ ಗಾಳಿ ಕಮ್ಮಿಯಾಗುತ್ತದೆ. ಇದನ್ನೇ ಹಿಡಿದುಕೊಂಡು ಲೆಕ್ಕ ಹಾಕಬಹುದು.

ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಮ್ಮೆ ತನ್ನ ಪೂರ್ತಿ ಗಾತ್ರದಷ್ಟು ಗಾಳಿ ಎಳೆಯುತ್ತದೆ. ನಮ್ಮದು 2.5 ಲೀಟರ್. ಐಡ್ಲಿಂಗ್ ನಿಮಿಷಕ್ಕೆ 800 ಸುತ್ತು. ಅಂದರೆ ನಿಮಿಷಕ್ಕೆ 400 ಸಲ 2.5 ಲೀಟರ್, ಒಟ್ಟು 1000 ಲೀಟರ್. ಲೆಕ್ಕ ಸುಲಭವಾಗಲಿ ಅಂತಲೇ ಗಾಡಿ ಬಂದ ಹಾಗಿತ್ತು. ನಮ್ಮ ಊರಿನ ಎತ್ತರಕ್ಕೆ, 40 ಡಿಗ್ರಿ ಬಿಸಿಲಿಗೆ ಒಂದು ಲೀಟರ್ ಗಾಳಿ ಸುಮಾರು 1.07 ಗ್ರಾಂ ತೂಗುತ್ತದೆ. 1000 ಲೀಟರಿಗೆ 1070 ಗ್ರಾಂ, ಸೆಕೆಂಡಿಗೆ ಹತ್ತಿರ ಹತ್ತಿರ 18 ಗ್ರಾಂ. ಯಾವ ಎಂಜಿನ್ನೂ ಸಿಲಿಂಡರನ್ನು ಪೂರ್ತಿ ತುಂಬಿಸಿಕೊಳ್ಳುವುದಿಲ್ಲ; ಶೇಕಡಾ 80ರಿಂದ 85 ಅಂತ ಹಿಡಿದರೆ 14ರಿಂದ 15 ಗ್ರಾಂ. ಇಜಿಆರ್ ಪೂರ್ತಿ ಮುಚ್ಚಿದಾಗ ಕಾಣಬೇಕಾದ ಅಂಕಿ ಇದು. ನಿಮ್ಮ ಗಾಡಿ ಬೇರೆ ಗಾತ್ರದ್ದಾದರೆ ಇದೇ ದಾರಿಯಲ್ಲಿ ನಿಮ್ಮದನ್ನು ಹಾಕಿಕೊಳ್ಳಿ.

ಎಂಜಿನ್ ಕಾದ ಮೇಲೆ ಪೈಪ್ ಮತ್ತೆ ಜೋಡಿಸಿ ನೋಡಿದೆವು: 9 ಗ್ರಾಂ. ಇಷ್ಟಕ್ಕೇ "ಸಿಕ್ಕಿತು" ಅನ್ನುವ ಹಾಗಿಲ್ಲ. ಕಾದ ಎಂಜಿನ್ ಐಡ್ಲಿಂಗಿನಲ್ಲಿ ಇಜಿಆರ್ ತೆರೆದಿರುವುದೇ ಸಹಜ. ಒಳ್ಳೇ ಗಾಡಿಯಲ್ಲೂ ಆಗ ಅಂಕಿ ಕಮ್ಮಿಯೇ ಇರುತ್ತದೆ. ವಾಲ್ವ್ ಮುಚ್ಚಿಸಿದಾಗ ಅಂಕಿ ಮೇಲಕ್ಕೆ ಹಾರುತ್ತದೋ ಇಲ್ಲವೋ, ನೋಡಬೇಕಾದ್ದು ಅದನ್ನು. ಪೈಪ್ ಕಿತ್ತೆವು. 9.2 ಆಯಿತು, ಅಲ್ಲೇ ನಿಂತಿತು. ಅಂದರೆ ಮುಚ್ಚಿರಬೇಕಾದಾಗಲೂ ಒಳಗೆ ಹೋಗುವುದರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಹೊಸ ಗಾಳಿಯೇ ಅಲ್ಲ.

ಮೋಟಾರ್ ಇರುವ ವಾಲ್ವಾದರೆ ಕಿತ್ತು ನೋಡುವ ಪೈಪ್ ಇರುವುದಿಲ್ಲ. ವಾಲ್ವ್ ತೆರೆಯಿಸುವ, ಮುಚ್ಚಿಸುವ ಸೌಲಭ್ಯ ಇರುವ ಸ್ಕ್ಯಾನರಿನಿಂದ ಮುಚ್ಚು ಅಂತ ಆಜ್ಞೆ ಕೊಟ್ಟು ಇದೇ ಅಂಕಿ ನೋಡಬೇಕು.

ಇಲ್ಲಿ ಇನ್ನೊಂದು ಅನುಮಾನ ಏಳಬೇಕು, ಏಳದಿದ್ದರೆ ನೀವು ಅವಸರದಲ್ಲಿದ್ದೀರಿ. ಆ ಸೆನ್ಸರೇ ಸುಳ್ಳು ಹೇಳುತ್ತಿದ್ದರೆ? ದೂಳು ಹಿಡಿದ ಸೆನ್ಸರ್ ಇರುವ ಗಾಳಿಯನ್ನೂ ಕಮ್ಮಿ ತೋರಿಸುತ್ತದೆ. ಇಸಿಎಂ ಅದನ್ನು ನಂಬಿ ಡೀಸೆಲ್ ಕಡಿತ ಮಾಡುತ್ತದೆ, ಎಳೆತ ಹೋಗುತ್ತದೆ. ಆದರೆ ಆಗ ಗಾಳಿ ಸಾಕಷ್ಟು ಇದ್ದು ಡೀಸೆಲ್ಲೇ ಕಮ್ಮಿ ಆಗಿರುವುದರಿಂದ ಇಷ್ಟೊಂದು ಕಪ್ಪು ಹೊಗೆ ಬರುವುದಿಲ್ಲ. ಹೊಗೆ ನಮ್ಮನ್ನು ಇಜಿಆರ್ ಕಡೆಗೇ ತೋರಿಸುತ್ತಿತ್ತು. ಆದರೂ ಎರಡನ್ನೂ ಸಂದೇಹ ಇಲ್ಲದಂತೆ ಬೇರೆ ಮಾಡುವುದು ತಗಡಿನ ಪರೀಕ್ಷೆ.

ತಗಡು ಹೇಳಿದ್ದು

ಎಕ್ಸಾಸ್ಟ್ ಕಡೆಯಿಂದ ಬರುವ ಪೈಪಿಗೂ ವಾಲ್ವಿಗೂ ನಡುವೆ ಒಂದು ಪ್ಯಾಕಿಂಗ್ ಇರುತ್ತದೆ. ಅದೇ ಆಕಾರಕ್ಕೆ ಒಂದು ತಗಡು ಕತ್ತರಿಸಿ, ಬೋಲ್ಟಿನ ತೂತು ಮಾತ್ರ ಕೊರೆದು, ನಡುವಿನ ದೊಡ್ಡ ತೂತು ಕೊರೆಯದೆ ಅಲ್ಲಿ ಕೂರಿಸುವುದು. ವಾಲ್ವ್ ತೆರೆದಿದ್ದರೂ ಮುಚ್ಚಿದ್ದರೂ ಈಗ ಗ್ಯಾಸ್ ಬರಲು ದಾರಿಯೇ ಇಲ್ಲ. ಆ ದಾರಿಯನ್ನು ಲೆಕ್ಕದಿಂದಲೇ ತೆಗೆದುಹಾಕಿದಂತೆ.

ನಾವು ಹಾಕಿದ್ದು ಒಂದೂವರೆ ಮಿಲಿಮೀಟರ್ ದಪ್ಪದ ಸ್ಟೀಲ್ ತಗಡು. ಅಲ್ಯೂಮಿನಿಯಂ ತಗಡು, ತಂಪು ಪಾನೀಯದ ಡಬ್ಬಿ ಕತ್ತರಿಸಿ ಹಾಕುವವರನ್ನು ನೋಡಿದ್ದೇನೆ. ಲೋಡ್ ಇರುವಾಗ ಎಕ್ಸಾಸ್ಟ್ ಗ್ಯಾಸ್ 600 ಡಿಗ್ರಿ ದಾಟುತ್ತದೆ, ಅಲ್ಯೂಮಿನಿಯಂ 660ಕ್ಕೆ ಕರಗುತ್ತದೆ. ತೂತು ಬಿದ್ದು ಚೂರು ಇನ್‌ಟೇಕ್ ಕಡೆ ಹೋದರೆ ಐವತ್ತು ರೂಪಾಯಿಯ ಪರೀಕ್ಷೆ ಇಡೀ ಎಂಜಿನ್ನನ್ನೇ ಬಿಚ್ಚಿಸುತ್ತದೆ.

ತಗಡು ಹಾಕಿ ಸ್ಟಾರ್ಟ್ ಮಾಡಿದೆವು. ನಡುಕ ಹತ್ತು ಸೆಕೆಂಡಿನಲ್ಲಿ ಹೋಯಿತು. ಸ್ಕ್ಯಾನರಿನಲ್ಲಿ 14.3. ನಾವು ಹಾಕಿದ್ದ ಲೆಕ್ಕದೊಳಗೇ ಬಂದು ಕೂತಿತು. ಗಾಳಿ ಸೆನ್ಸರ್ ನಿಜವನ್ನೇ ಹೇಳುತ್ತಿತ್ತು ಅನ್ನುವುದೂ ಇದರಲ್ಲೇ ಸಾಬೀತಾಯಿತು. ಅದು ಕೆಟ್ಟಿದ್ದರೆ ತಗಡು ಹಾಕಿದರೂ ಕಮ್ಮಿಯೇ ತೋರಿಸುತ್ತಿತ್ತು.

ನಂತರ 25 ಕೆಜಿಯ 40 ಚೀಲ ಹೇರಿ ರಸ್ತೆಗೆ ಹೋದೆವು. ಖಾಲಿ ಗಾಡಿಯಲ್ಲಿ ಈ ಪರೀಕ್ಷೆ ಮಾಡಿದರೆ ಏನೂ ತಿಳಿಯುವುದಿಲ್ಲ. ಮೂರನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಟರ್ಬೊ ಒತ್ತಡ ಮೊದಲು 0.4 ಬಾರ್ ದಾಟುತ್ತಿರಲಿಲ್ಲ. ಈಗ 0.8ಕ್ಕೆ ಬಂತು. ಹೊಗೆ ಬಹುಪಾಲು ನಿಂತಿತು. ಡ್ರೈವರ್ ಮುಖ ಅರಳಿತು. "ಇದನ್ನ ಹಂಗ ಬಿಟ್ಟುಬಿಡ್ರಿ ಅಣ್ಣ, ಛಲೋ ಆತಲ್ಲ" ಅಂದ.

ಎಲ್ಲರೂ ಹೀಗೇ ಅನ್ನುತ್ತಾರೆ. ಸುಮಾರು ಗಾಡಿಗಳಲ್ಲಿ ಈ ತಗಡು ಕಾಯಂ ಆಗಿ ಕೂತಿರುತ್ತದೆ ಕೂಡ. ಡೀಸೆಲ್ ಗಾಡಿಯ ಹೊಗೆ ತಪಾಸಣೆಯಲ್ಲಿ ಅಳೆಯುವುದು ಹೊಗೆ ಎಷ್ಟು ದಟ್ಟ ಅಂತ ಮಾತ್ರ, ನೈಟ್ರೋಜನ್ ಆಕ್ಸೈಡನ್ನು ಅಲ್ಲಿ ಅಳೆಯುವುದೇ ಇಲ್ಲ. ಹಾಗಾಗಿ ತಗಡು ಹಾಕಿದ ಗಾಡಿ ಆರಾಮಾಗಿ ಪಾಸಾಗುತ್ತದೆ. ಆದರೆ ಕಂಪನಿ ಕೊಟ್ಟ ವ್ಯವಸ್ಥೆಯನ್ನು ಹೀಗೆ ಬದಲಾಯಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಅಳೆಯದಿದ್ದರೂ ಆ ಅನಿಲ ಬರುವುದಂತೂ ನಿಜ. ಮಿಲ್ ಅಂಗಳದಲ್ಲಿ ಹಮಾಲರು ನಿಂತಿರುವುದು ಅದೇ ಗಾಡಿಯ ಹಿಂದೆ. ಹೊಸ ಗಾಡಿಗಳಲ್ಲಿ ಇಸಿಎಂ ಈ ತಗಡನ್ನು ಬೇಗ ಕಂಡುಹಿಡಿದು ಎಂಜಿನ್ ಲೈಟ್ ಹಚ್ಚುತ್ತದೆ, ಕೆಲವು ಗಾಡಿಗಳಲ್ಲಿ ಎಳೆತವನ್ನೇ ಕಟ್ಟಿಹಾಕುತ್ತದೆ. ತಗಡು ಪರೀಕ್ಷೆಗೆ, ಒಂದು ತಾಸಿಗೆ. ನಾವು ತೆಗೆದೆವು.

ಬಿಚ್ಚಿದಾಗ ಕಂಡದ್ದು

ವಾಲ್ವ್ ಕೈಗೆ ಬಂದಾಗ ಒಲೆ ಮಸಿಗೆ ಎಣ್ಣೆ ಕಲಸಿ ಮೆತ್ತಿದ ಹಾಗಿತ್ತು. ಮೇಲಿನ ಪದರ ಬೆರಳಿಗೆ ಅಂಟುತ್ತದೆ, ಕೆಳಗಿನದು ಇದ್ದಿಲಿನಂತೆ ಗಟ್ಟಿ. ಎಕ್ಸಾಸ್ಟಿನಿಂದ ಮಸಿ ಬರುತ್ತದೆ, ಎಂಜಿನ್ನಿನ ಬ್ರೀದರ್ ಪೈಪಿನಿಂದ ಆಯಿಲ್ ಆವಿ ಬರುತ್ತದೆ, ಎರಡೂ ಇಲ್ಲಿ ಕೂಡಿ ಈ ಕಿಟ್ಟ ಆಗುತ್ತದೆ. ಕೈ ಪಂಪಿನಿಂದ ಪಾದರಸದ 15 ಇಂಚಿನಷ್ಟು ವ್ಯಾಕ್ಯೂಮ್ ಕೊಟ್ಟೆವು. ಪಂಪಿನ ಮೀಟರಿನ ಮುಳ್ಳು ಇಳಿಯದೆ ನಿಂತಿತು, ಅಂದರೆ ಡಯಾಫ್ರಾಮ್ ಹರಿದಿಲ್ಲ. ಆದರೆ ಒಳಗಿನ ಕಡ್ಡಿ ಕೂದಲೆಳೆಯಷ್ಟು ಅಲುಗಿ ನಿಂತುಬಿಟ್ಟಿತು. ಟಾರ್ಚ್ ಬಿಟ್ಟು ನೋಡಿದರೆ ವಾಲ್ವಿನ ತಟ್ಟೆಗೂ ಅದು ಕೂರುವ ಅಂಚಿಗೂ ನಡುವೆ ಕಡಲೆಕಾಳಿನಷ್ಟು ದಪ್ಪದ ಇದ್ದಿಲ ಚೂರು.

ಅಲ್ಲಿಗೇ ನಿಲ್ಲಿಸಿದ್ದರೆ ಅರ್ಧ ಕೆಲಸ ಆಗುತ್ತಿತ್ತು. ತಗಡು ಹಾಕಿದಾಗಲೂ ಟರ್ಬೊ ಒತ್ತಡ 0.8ಕ್ಕೇ ನಿಂತಿತ್ತಲ್ಲ, ಅದು ನನ್ನ ತಲೆಯಲ್ಲಿತ್ತು. ಈ ಗಾಡಿ 1 ಬಾರಿನ ಆಸುಪಾಸು ಹೋಗಬೇಕು, ಮತ್ತು ಹೊಗೆಯೂ ಪೂರ್ತಿ ನಿಂತಿರಲಿಲ್ಲ. ಇನ್‌ಟೇಕ್ ಮ್ಯಾನಿಫೋಲ್ಡಿನ ಕುತ್ತಿಗೆಯೊಳಗೆ ನೋಡಿದೆವು. 40 ಮಿಲಿಮೀಟರ್ ಇರಬೇಕಾದ ದಾರಿ ಸುತ್ತಲೂ ಏಳು ಮಿಲಿಮೀಟರ್ ಕಿಟ್ಟ ಹಿಡಿದು 26 ಆಗಿತ್ತು. ಕೇಳಲು ಅರ್ಧಕ್ಕಿಂತ ಜಾಸ್ತಿ ಉಳಿದಿದೆ ಅನ್ನಿಸುತ್ತದೆ. ಆದರೆ ಗಾಳಿಗೆ ಬೇಕಾದ್ದು ಬಾಯಿಯ ವಿಸ್ತೀರ್ಣ. ಅದನ್ನು ಲೆಕ್ಕ ಹಾಕಿದರೆ ಶೇಕಡಾ 42 ಮಾತ್ರ ಉಳಿದಿತ್ತು. ಐಡ್ಲಿಂಗಿನಲ್ಲಿ ಇದು ಕಾಣುವುದಿಲ್ಲ, ಗಾಳಿ ಕಮ್ಮಿ ಬೇಕು, ನುಸುಳುತ್ತದೆ. ಲೋಡ್ ಬಿದ್ದಾಗ ಕತ್ತು ಹಿಸುಕಿದಂತೆ ಆಗುತ್ತದೆ. ತಗಡು ಹಾಕಿದ ಮೇಲೆ ಐಡ್ಲಿಂಗ್ ಸರಿಯಾಗಿ ಎಳೆತ ಮಾತ್ರ ಪೂರ್ತಿ ಬರದಿದ್ದರೆ ಮ್ಯಾನಿಫೋಲ್ಡ್ ಬಿಚ್ಚಲೇಬೇಕು.

ತೊಳೆಯುವುದರಲ್ಲಿ ದೊಡ್ಡ ಗುಟ್ಟಿಲ್ಲ. ಮ್ಯಾನಿಫೋಲ್ಡ್ ಬಿಚ್ಚಿ ಹೊರಗೆ ತಂದು ಒಂದು ರಾತ್ರಿ ಡೀಸೆಲ್ಲಿನಲ್ಲಿ ನೆನೆಸಿ, ಮರದ ಕಡ್ಡಿಯಿಂದ ಕೆರೆದು, ಬ್ರಷ್ ಹಾಕಿ ಒರೆಸಿ ಒಣಗಿಸಿದೆವು. ವಾಲ್ವಿಗೆ ಕಾರ್ಬನ್ ಕ್ಲೀನರ್ ಸ್ಪ್ರೇ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ತಟ್ಟೆ ಕೂರುವ ಅಂಚಿಗೆ ಒಂದು ಗೀರು ಬಿದ್ದರೂ ಮತ್ತೆ ಸೋರುತ್ತದೆ. ಮೋಟಾರ್ ಇರುವ ವಾಲ್ವನ್ನು ಮುಳುಗಿಸಲೂ ಬಾರದು. ಎಂಜಿನ್ ಓಡುತ್ತಿರುವಾಗ ಇನ್‌ಟೇಕಿಗೆ ಕ್ಲೀನರ್ ಹೊಡೆಯುವ ವಿಡಿಯೋಗಳನ್ನು ನೀವೂ ನೋಡಿರಬಹುದು. ಡೀಸೆಲ್ ಎಂಜಿನ್ನಿಗೆ ಅದು ಅಪಾಯ. ಇಂಧನದಂಥ ದ್ರವ ಒಳಗೆ ಹೋದರೆ ಎಂಜಿನ್ ತಾನೇ ರೇಸ್ ಆಗಿ ಕೈಗೆ ಸಿಗದೆ ಹೋಗಬಹುದು, ಗಟ್ಟಿ ಮಸಿ ಹೆಂಟೆಯೂ ಕಳಚಿ ಒಳಗೆ ಬೀಳಬಹುದು.

ತೊಳೆದ ವಾಲ್ವನ್ನು ಹಾಗೇ ಜೋಡಿಸಲಿಲ್ಲ. ಬಾಯಿ ಮೇಲೆ ಮಾಡಿ ಹಿಡಿದು, ತಟ್ಟೆಯ ಮೇಲೆ ಸ್ವಲ್ಪ ಸೀಮೆಎಣ್ಣೆ ಹಾಕಿ ಕೆಳಗೆ ಬಿಳಿ ಕಾಗದ ಇಟ್ಟೆವು. ಎರಡು ನಿಮಿಷದಲ್ಲಿ ಒಂದೆರಡು ಹನಿ ಮಾತ್ರ ಬಿತ್ತು. ಅಷ್ಟು ನಡೆಯುತ್ತದೆ. ಧಾರೆ ಹಿಡಿದರೆ ವಾಲ್ವ್ ಹೊಸದೇ ಬೇಕು. ಆಮೇಲೆ ಹೊಸ ಪ್ಯಾಕಿಂಗ್ ಹಾಕಿ ಜೋಡಿಸಿ ಅದೇ ಪರೀಕ್ಷೆಯನ್ನು ಮೊದಲಿನಿಂದ ಮಾಡಿದೆವು. ವ್ಯಾಕ್ಯೂಮ್ ಇದ್ದಾಗ 9.5, ಪೈಪ್ ಕಿತ್ತಾಗ 14.5, ಮತ್ತೆ ಜೋಡಿಸಿದರೆ 9.5. ಈಗ ವಾಲ್ವ್ ತೆರೆಯುತ್ತಲೂ ಇದೆ, ಮುಚ್ಚುತ್ತಲೂ ಇದೆ. ಮೂರನೇ ಗೇರಿನಲ್ಲಿ ಒತ್ತಡ 1 ಬಾರ್ ಮುಟ್ಟಿತು.

ಇದೆಲ್ಲ ಬಿಎಸ್4 ಗಾಡಿಯ ಮಾತು. ಏಪ್ರಿಲ್ 2020ರ ನಂತರದ ಬಿಎಸ್6 ಗಾಡಿಯಾದರೆ ವಾಲ್ವ್ ತೆರೆದು ನಿಂತರೂ ಸೈಲೆನ್ಸರಿನಲ್ಲಿ ಕಪ್ಪು ಹೊಗೆ ಕಾಣದೇ ಇರಬಹುದು. ಅದರ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ, ಅಷ್ಟೂ ಮಸಿ ಅದರಲ್ಲಿ ತುಂಬುತ್ತದೆ. ಡಿಪಿಎಫ್ ಲೈಟ್ ಪದೇ ಪದೇ ಹತ್ತುತ್ತಿದ್ದರೆ ಅದನ್ನು ತೊಳೆಸುವ ಮೊದಲು ಇಜಿಆರ್ ನೋಡಿ.

ಕೊನೆಗೊಂದು ಪ್ರಶ್ನೆ ಉಳಿದಿತ್ತು. ಇಷ್ಟೊಂದು ಕಿಟ್ಟ ಈ ಗಾಡಿಗೇ ಯಾಕೆ? ದಿನಾ ಲೋಡ್ ಹಾಕಿ ಏರು ಹತ್ತುವ ಗಾಡಿಗೆ ಸಾಮಾನ್ಯವಾಗಿ ಇಷ್ಟು ಕೂರುವುದಿಲ್ಲ. ಎಂಜಿನ್ ಚೆನ್ನಾಗಿ ಕಾದು ಓಡುತ್ತದೆ, ಏರಿನಲ್ಲಿ ಇಜಿಆರ್ ಮುಚ್ಚಿರುತ್ತದೆ. ಐಡ್ಲಿಂಗಿನಲ್ಲಿ ಗಂಟೆಗಟ್ಟಲೆ ನಿಲ್ಲುವ ಗಾಡಿಗೆ ಬೇಗ ಕೂರುತ್ತದೆ. ಡ್ರೈವರನ್ನು ಕೇಳಿದೆ: "ಮಿಲ್ಲಿನಾಗ ಪಾಳಿ ಬರೋತನ ಗಾಡಿ ಬಂದ್ ಮಾಡ್ತೀಯಿಲ್ಲೋ?"

"ಬಂದ್ ಮಾಡಿದ್ರ ಮತ್ತ ಚಾಲೂ ಆಗಂಗಿಲ್ಲಣ್ಣ, ಬ್ಯಾಟರಿ ಹೋಗೇತಿ. ನೂಕಾಕ ಮಂದಿ ಎಲ್ಲಿ ಸಿಗ್ತಾರ? ಹಂಗ ಚಾಲೂ ಇಟ್ಟಿರ್ತೀನಿ, ಎರಡು ತಾಸು, ಮೂರು ತಾಸು."

ಎಷ್ಟು ತಿಂಗಳಿಂದ ಅಂತ ಕೇಳಿದೆ. ದೀಪಾವಳಿಯಿಂದ ಅಂದ. ಮಾಲೀಕನಿಗೆ ಫೋನ್ ಮಾಡಿ, ಇಜಿಆರ್ ಬಿಲ್ಲಿನ ಜೊತೆ ಹೊಸ ಬ್ಯಾಟರಿಯನ್ನೂ ಸೇರಿಸಿದೆ.